ಅಜ್ಜಿಯ ಪದ್ಯದ ಮೊದಲರ್ಧ

ರಾಜ್ಯೋತ್ಸವ ಸಂಚಿಕೆ ಇಂದು ರಾತ್ರಿಯೇ ಮುದ್ರಣಕ್ಕೆ ಹೋಗಬೇಕು, ಈ ಪುಟವೊಂದೇ ಬಾಕಿ. ಕಳೆದ ಭಾನುವಾರ ಕನ್ನಡ ತರಗತಿಯ ಹುಡುಗಿಯೊಬ್ಬಳು, “ಅಜ್ಜಿ ಫೋನಿನಲ್ಲಿ ಹೇಳುವ ಪದ್ಯ ಪುಸ್ತಕದಲ್ಲಿ ಇಲ್ಲವೇ ಇಲ್ಲ” ಎಂದಳು. ಇರುತ್ತದೆ, ಮಗಳೇ. ಚಿತ್ರದುರ್ಗದಲ್ಲಿ ಏಳನೆಯ ತರಗತಿಯಲ್ಲಿದ್ದ ನನ್ನ ತಂಗಿಯೂ ಹೀಗೆಯೇ ಹುಡುಕಿದ್ದಳು.

ನಮ್ಮಜ್ಜಿ ಶೇಂಗಾ ಸುಲಿಯುತ್ತ ಗದುಗಿನ ಭಾರತ ಹೇಳಿಕೊಳ್ಳುತ್ತಿದ್ದರು. ಮರೆವು ಆವರಿಸಿದ ಮೇಲೆ ಉಳಿದದ್ದು ಒಂದೇ ತುಣುಕು: “ಕಾದಿ ಗೆಲಿದನನಣ್ಣನವ್ವೆಯ ನಾದಿನಿಯ ಜಠರದಲಿ ಜನಿಸಿದನಾದಿ ಮೂರುತಿ ಸಲಹೊ ಗದುಗಿನ ವೀರನಾರಯಣ.” ಅದರ ಹಿಂದಿನದು ನೆನಪಾಗದೆ ಚಡಪಡಿಸುತ್ತಿದ್ದರು. ತಂಗಿ ದೇವರ ಗೂಡಿನಿಂದ ಕೆಂಪು ವಸ್ತ್ರ ಸುತ್ತಿದ್ದ ಗ್ರಂಥ ಇಳಿಸಿ, ಕೊನೆಯ ಪುಟಗಳ ಅಕಾರಾದಿಯಲ್ಲಿ ‘ಕಾ’ ಅಕ್ಷರವನ್ನೆಲ್ಲ ಜಾಲಾಡಿದಳು. ಸಿಗಲಿಲ್ಲ. ಅಕಾರಾದಿಯಲ್ಲಿ ಇರುವುದು ಪದ್ಯದ ಮೊದಲ ಸಾಲು ಮಾತ್ರ.

ದಾರಿ ತೋರಿಸಿದವರು ಅವಳ ಕನ್ನಡ ಮೇಷ್ಟ್ರು. ಭಾಮಿನಿ ಷಟ್ಪದಿಗೆ ಆರು ಸಾಲು. ಮೂರನೆಯದೂ ಆರನೆಯದೂ ಉದ್ದ, ಉಳಿದ ನಾಲ್ಕು ಗಿಡ್ಡ. ಅಜ್ಜಿಯ ತುಣುಕಿನಲ್ಲಿ ಎರಡು ಗಿಡ್ಡ ಸಾಲು, ಆಮೇಲೆ ಒಂದು ಉದ್ದ ಸಾಲು, ಅದರ ಕೊನೆಗೆ ವೀರನಾರಯಣ. ಅಂದರೆ ಅದು ಪದ್ಯದ ಉತ್ತರಾರ್ಧ. ಇನ್ನು ಪ್ರಾಸ: ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅದರ ಹಿಂದಿನ ಅಕ್ಷರವೂ ಎಲ್ಲ ಕಡೆ ಒಂದೇ ತೂಕದ್ದಾಗಿರಬೇಕು. ‘ಕಾದಿ’, ‘ನಾದಿ’, ‘ನಾದಿ’. ಹಾಗಾದರೆ ಮೊದಲ ಸಾಲೂ ದೀರ್ಘದಿಂದ ಶುರುವಾಗಿ ಎರಡನೆಯದು ದಕಾರವೇ ಆಗಬೇಕು.

ತಂಗಿ ಮತ್ತೆ ಅಕಾರಾದಿ ಹಿಡಿದಳು. ಈ ಸಲ ಮೊದಲ ಅಕ್ಷರದ ಗೊಡವೆಗೆ ಹೋಗದೆ ಎರಡನೆಯದರ ಮೇಲೆ ಬೆರಳಾಡಿಸಿದಳು. ಹೊಂದುವಂಥವು ಹಲವು ಸಿಕ್ಕವು. ಒಂದೊಂದರ ಪುಟ ತೆರೆದು ಕೊನೆಯ ಸಾಲು ನೋಡಬೇಕಾಯಿತು. ‘ವ’ಕಾರ ಬರುವುದು ಪಟ್ಟಿಯ ಕೊನೆಕೊನೆಗೆ, ಅಷ್ಟರಲ್ಲಿ ಕತ್ತಲಾಗಿತ್ತು. ಸಿಕ್ಕಿತು, ಆದಿಪರ್ವದ ಮೊದಲ ಸಂಧಿಯಲ್ಲಿ: “ವೇದಪುರುಷನ ಸುತನ ಸುತನ ಸಹೋದರನ ಹೆಮ್ಮಗನ ಮಗನ ತಳೋದರಿಯ ಮಾತುಳನ ಮಾವನನತುಳ ಭುಜಬಲದಿ...” ‘ಸಹೋದರ’ದ ‘ಸ’ ಮೊದಲ ಸಾಲಿಗೆ, ‘ಹೋದ’ ಎರಡನೆಯ ಸಾಲಿಗೆ! ಕಿವಿಗೆ ಬರೀ ಒಂದು ಪದ, ಪುಟದಲ್ಲಿ ನೋಡಿದರೆ ಪ್ರಾಸ.

ತಂಗಿ ಓದಿ ಹೇಳಿದ್ದೇ ತಡ, ಅಜ್ಜಿ ಉಳಿದದ್ದನ್ನು ತಡವರಿಸದೆ ಹೇಳಿ ಒಗಟನ್ನೂ ಬಿಡಿಸಿದರು: ಪದ್ಯದ ‘ಮಾತುಳ’ ಕಂಸ, ಅವನ ಮಾವ ಜರಾಸಂಧ, ಜರಾಸಂಧನನ್ನು ಗೆದ್ದವನು ಭೀಮ, ಅವನಣ್ಣ ಧರ್ಮರಾಯ, ಅವ್ವೆ ಕುಂತಿ, ಅವಳ ನಾದಿನಿ ದೇವಕಿ, ದೇವಕಿಯ ಮಗ ಕೃಷ್ಣ.

ಸೂಚನೆಗಳು: ರಾಜ್ಯೋತ್ಸವ ಮುಂದಿನ ಶನಿವಾರ ಸಂಜೆ 5ಕ್ಕೆ, ಊಟಕ್ಕೆ ಹೆಸರು ಕೊಡಲು ಬುಧವಾರ ಕೊನೆ. ಮಕ್ಕಳ ನಾಟಕದ ತಾಲೀಮು ಶುಕ್ರವಾರ. ಸದಸ್ಯತ್ವ ನವೀಕರಣ ಬಾಕಿಯಿರುವವರು ದಯವಿಟ್ಟು ಬಾಗಿಲಲ್ಲೇ ಕಟ್ಟಿ. ಭಾನುವಾರದ ತರಗತಿಗೆ ಛಂದಸ್ಸು ಬಲ್ಲವರೊಬ್ಬರು ಬೇಕು, ಕರಡು ತಿದ್ದಲು ಇನ್ನೊಬ್ಬರು. ನಾನೊಬ್ಬಳೇ ಎರಡನ್ನೂ ನಿಭಾಯಿಸಲಾರೆ. ಮನೆಯಲ್ಲಿ ಗದುಗಿನ ಭಾರತ ಇದ್ದವರು ಶನಿವಾರ ತನ್ನಿ. ಆ ಹುಡುಗಿ ತನ್ನ ಅಜ್ಜಿಯ ತುಣುಕನ್ನು ಬರೆದುಕೊಂಡು ಬರುತ್ತಾಳೆ.