ಗೆಳೆಯನಿಗೊಂದು ಪತ್ರ: ನಿನ್ನ ಕಾದಂಬರಿ ಆಲೆಮನೆಯಲ್ಲಿದೆ

ಪ್ರೀತಿಯ ಗೆಳೆಯ,

ನೀನು ಕೊಟ್ಟುಹೋದ ಮೂರು ನೋಟ್ ಬುಕ್ಕುಗಳನ್ನೂ ಓದಿ ಮುಗಿಸಿದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ, ಕಲ್ಲುಬೆಂಚಿನ ಮೇಲೆ ಕೂತು ದಿನಕ್ಕೆ ಇಪ್ಪತ್ತು ಪುಟ ಓದುತ್ತಿದ್ದೆ. ಎಷ್ಟು ಚೆನ್ನಾಗಿ ಬರೀತೀಯ ಕಣೋ. ಆದರೆ ಕೊನೇ ಪುಟದಲ್ಲಿ ನೀನು ಬರೆದಿದ್ದೀಯಲ್ಲ, "ಬರೆಯೋ ಆಸೆ ಇದೆ, ಕಥೆ ಇಲ್ಲ" ಅಂತ, ಅದಕ್ಕೆ ಉತ್ತರ ಫೋನಿನಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಈ ಪತ್ರ. ನಿನ್ನ ಹಾಗೇ ಒದ್ದಾಡುತ್ತಿರುವವರು ಇನ್ನೂ ಇರಬಹುದು ಅಂತ ಇಲ್ಲೇ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಆ ಪುಟದ ಕೆಳಗೆ ಒಂದು ಪಟ್ಟಿ ಮಾಡಿದ್ದೀಯ. ರೈತರ ಸಂಕಟ, ಊರು ಬಿಡುವ ಹುಡುಗರು, ಕಾವೇರಿ, ಒಂಟಿತನ. ಇವೆಲ್ಲ ವಸ್ತುಗಳು. ಇವುಗಳಲ್ಲಿ ಯಾವುದನ್ನು ಹೇಳಿದರೂ ಕೇಳಿದವರು "ಹೌದು, ಪಾಪ" ಅಂತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕಾದಂಬರಿಗೆ ಬೇಕಾದ ಎಳೆಯನ್ನು ಹೇಳಿದರೆ "ಆಮೇಲೆ ಏನು ಮಾಡಿದ?" ಅಂತ ಕೇಳುತ್ತಾರೆ. ಯಾಕೆಂದರೆ ಅದರಲ್ಲಿ ಯಾರೋ ಒಬ್ಬರಿಗೆ ಏನೋ ಬೇಕಾಗಿರುತ್ತದೆ, ಅದು ಸಿಗಬೇಕಾದರೆ ಇನ್ನೇನನ್ನೋ ಕಳೆದುಕೊಳ್ಳಬೇಕಾಗಿರುತ್ತದೆ, ಮತ್ತೆ ತೀರ್ಮಾನ ಮಾಡಲು ಜಾಸ್ತಿ ದಿನ ಇರುವುದಿಲ್ಲ.

ನಾನು ಇದನ್ನು ಕಲಿತದ್ದು ಕಷ್ಟಪಟ್ಟು. ನಿನಗೆ ಗೊತ್ತಲ್ಲ, ಹಳೇ ಕನ್ನಂಬಾಡಿಯ ಬಗ್ಗೆ ಬರೆಯಲು ಹೊರಟಿದ್ದೆ. ಕೆಆರ್‌ಎಸ್ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿದ್ದು, ಊರು ನೀರೊಳಗೆ ಹೋಗಿದ್ದು, ಬರಗಾಲದಲ್ಲಿ ನೀರು ಇಳಿದಾಗ ವೇಣುಗೋಪಾಲಸ್ವಾಮಿ ದೇವಸ್ಥಾನ ಮತ್ತೆ ಕಾಣಿಸುತ್ತಿದ್ದದ್ದು, ಎಲ್ಲ ಓದಿ ಗುಡ್ಡೆ ಹಾಕಿಕೊಂಡು ನೂರ ನಲವತ್ತು ಪುಟ ಬರೆದೆ. ಅಲ್ಲಿಗೆ ನಿಂತುಹೋಯಿತು. ಎರಡು ವರ್ಷದ ಮೇಲೆ ತೆಗೆದು ಓದಿದಾಗ ಕಾರಣ ಗೊತ್ತಾಯಿತು. ನನ್ನ ಪುಸ್ತಕದಲ್ಲಿ ಕಟ್ಟೆ ಏಳುತ್ತಿತ್ತು, ನೀರು ಏರುತ್ತಿತ್ತು, ಜನ ಅಳುತ್ತಿದ್ದರು. ಯಾರೊಬ್ಬರೂ ಯಾವ ತೀರ್ಮಾನವನ್ನೂ ಮಾಡುತ್ತಿರಲಿಲ್ಲ. ಪರಿಹಾರದ ಪಟ್ಟಿ ಬರೆಯುವ ಒಬ್ಬ ಶಾನುಭೋಗನನ್ನು ತಂದಿದ್ದರೂ ಸಾಕಿತ್ತು. ಅಕ್ಕನ ಗಂಡನ ಹೆಸರಿನ ಮುಂದೆ ಎರಡು ಗುಂಟೆ ಜಾಸ್ತಿ ಬರೆಯಲೋ ಬೇಡವೋ ಅಂತ ಅವನು ಪೆನ್ನು ಹಿಡಿದು ಕೂತಿದ್ದರೆ ಇಡೀ ಊರು ಆ ಪೆನ್ನಿನ ತುದಿಗೆ ಬಂದು ನಿಲ್ಲುತ್ತಿತ್ತು.

ಈಗ ನಿನ್ನ ವಿಷಯಕ್ಕೆ ಬರ್ತೀನಿ. ನಿನ್ನ ಎರಡನೇ ನೋಟ್ ಬುಕ್ಕಿನಲ್ಲಿ ಪಾಂಡವಪುರದ ಕಡೆಯ ನಿನ್ನ ಸೋದರಮಾವನ ಆಲೆಮನೆ ಬಗ್ಗೆ ಹನ್ನೊಂದು ಪುಟ ಇದೆ. ಬೇರೆಲ್ಲ ಕಡೆ ನೀನು ನೋಡಿದ್ದನ್ನು ಬರೆದಿದ್ದೀಯ, ಅಲ್ಲಿ ಮಾತ್ರ ಗೊತ್ತಿರುವುದನ್ನು ಬರೆದಿದ್ದೀಯ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಬಿಡುವುದು, ಸುಣ್ಣದ ತಿಳಿ ಹಾಕಿದಾಗ ಕಸವೆಲ್ಲ ನೊರೆಯಾಗಿ ಮೇಲೆ ಬರುವುದು, ಒಣಗಿದ ಸಿಪ್ಪೆಯನ್ನು ಒಲೆಗೆ ತಳ್ಳುವವನ ಮುಂಗೈ ಮೇಲೆ ಕೂದಲೇ ಇಲ್ಲದಿರುವುದು. ಮತ್ತೆ ಹದ ನೋಡುವ ಆ ಮುದುಕ. ತಣ್ಣೀರಿನ ಬಟ್ಟಲಿಗೆ ಒಂದಿಷ್ಟು ಪಾಕ ಬಿಡುತ್ತಾರೆ, ನೀರೊಳಗೇ ಮೂರು ಬೆರಳಲ್ಲಿ ಉರುಟುತ್ತಾರೆ, ಉಂಡೆ ಗಟ್ಟಿಯಾಗಿ ನಿಂತರೆ "ಇಳಿಸ್ರೋ" ಅಂತಾರೆ. ಥರ್ಮಾಮೀಟರ್ ಇಟ್ಟು ನೋಡಿದರೆ ಸುಮಾರು 118 ಡಿಗ್ರಿ ಇರುತ್ತದೆ, ಆದರೆ ಅಲ್ಲಿ ಯಾರೂ ಥರ್ಮಾಮೀಟರ್ ಇಡುವುದಿಲ್ಲ. ಆ ಮೂರು ಬೆರಳನ್ನು ನಂಬಿ ಇಡೀ ಕೊಪ್ಪರಿಗೆ ಇಳಿಸುತ್ತಾರೆ.

ಆ ಹನ್ನೊಂದು ಪುಟದಲ್ಲಿ ಒಂದೇ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀಯ: "ಕೊನೆಗೆ ಡಬ್ಬದಿಂದ ಹೈಡ್ರೋಸ್ ತೆಗೆದು ಹಾಕಿದರು, ಬಣ್ಣ ಬಂತು." ಅಲ್ಲೇ ನಿಲ್ಲಬೇಕಿತ್ತು ನೀನು!

ಯಾಕೆ ಹೇಳ್ತೀನಿ ಕೇಳು. ಹೈಡ್ರೋಸ್ ಅಂದರೆ ಬೆಲ್ಲದ ಬಣ್ಣ ತಿಳಿಯಾಗಿಸುವ ರಾಸಾಯನಿಕ ಪುಡಿ. ಪುಡಿ ಇಲ್ಲದೆ ಸುಣ್ಣ ಮತ್ತೆ ಬೆಂಡೆ ಗಿಡದ ಲೋಳೆ ಹಾಕಿ ತೆಗೆದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣಕ್ಕೆ ಬರುತ್ತದೆ. ಮಂಡಿಯಲ್ಲಿ ಬೆಲೆ ಸಿಗುವುದು ಹಳದಿ ಬಣ್ಣಕ್ಕೆ. ಪುಡಿ ಹಾಕಿದರೆ ಆ ಹಳದಿ ಬರುತ್ತದೆ, ಆದರೆ ನಿಲ್ಲುವುದಿಲ್ಲ, ಇಟ್ಟಲ್ಲೇ ಇಟ್ಟರೆ ಮತ್ತೆ ಕಪ್ಪಾಗುತ್ತಾ ಬರುತ್ತದೆ. ಬೇಡ ಅಂತ ಎಲ್ಲರಿಗೂ ಗೊತ್ತು, ಹಾಕದಿದ್ದರೆ ನಷ್ಟ ಅಂತಲೂ ಎಲ್ಲರಿಗೂ ಗೊತ್ತು. ಇಂಥ ಕಡೆ ಹುಡುಕಬೇಕು ಎಳೆಯನ್ನು, ಅಲ್ವಾ?

ಆದರೆ ಮೊದಲು ಹೊಳೆಯುವ ಎಳೆಯನ್ನು ಹಿಡಿದುಕೊಳ್ಳಬೇಡ. ಮೊದಲು ಹೊಳೆಯುವುದು ಹೀಗಿರುತ್ತದೆ: ಮಾಲೀಕ ದುರಾಸೆಯವನು, ಪುಡಿ ಹಾಕಿಸುತ್ತಾನೆ, ಹದ ನೋಡುವವನು ಸಾಚಾ, ಒಪ್ಪುವುದಿಲ್ಲ. ಇದು ಒಂದು ಜಗಳಕ್ಕೆ ಮುಗಿದುಹೋಗುತ್ತದೆ, ಹೆಚ್ಚೆಂದರೆ ಎಂಟು ಪುಟದ ಸಣ್ಣಕಥೆ. ಇನ್ನೂರು ಪುಟ ಎಳೆಯಬೇಕಾದರೆ ಒಂದು ಗಂಟು ಬಿಚ್ಚಿದಾಗ ಇನ್ನೊಂದು ಗಂಟು ಬೀಳಬೇಕು. ಅದಕ್ಕೆ ಇಬ್ಬರ ಕಡೆಯೂ ನ್ಯಾಯ ಇರಬೇಕು.

ಹಾಗಾಗಿ ತಿರುಗಿಸಿ ನೋಡು. ಹದ ನೋಡುವವನಿಗೆ ಸಿದ್ದಣ್ಣ ಅಂತ ಹೆಸರಿಡೋಣ. ಸುತ್ತ ಹತ್ತೂರಿನಲ್ಲಿ ಅವನ ಬೆಲ್ಲಕ್ಕೆ ಹೆಸರು, ಚಿನ್ನದ ಬಣ್ಣದ ಬೆಲ್ಲ ಅಂದರೆ ಸಿದ್ದಣ್ಣನದು. ಮಾಲೀಕ ತೀರಿಹೋಗಿ, ಬೆಂಗಳೂರಲ್ಲಿದ್ದ ಮಗಳು ಸವಿತಾ ವಾಪಸ್ ಬರುತ್ತಾಳೆ. ಅವಳು ಪುಡಿ ಬೇಡ ಅಂತಾಳೆ, ಅದಕ್ಕೇ ಸಾಲ ಮಾಡಿದ್ದಾಳೆ, ಒಂದು ಸುಗ್ಗಿಯಲ್ಲಿ ಗಿಟ್ಟದಿದ್ದರೆ ಆಲೆಮನೆ ಮಾರಬೇಕು. ಸಿದ್ದಣ್ಣ ಎಲ್ಲರ ಮುಂದೆ ತಲೆ ಆಡಿಸುತ್ತಾನೆ. ಒಳಗೆ ಅವನಿಗೆ ಒಂದೇ ಭಯ. ಮೂವತ್ತು ವರ್ಷದಿಂದ ತನಗೆ ಬಂದ ಹೆಸರು ಬೆರಳಿನದೋ ಡಬ್ಬದ್ದೋ ಅವನಿಗೇ ಗೊತ್ತಿಲ್ಲ. ಪುಡಿ ಇಲ್ಲದೆ ಇಳಿಸಿದರೆ ತನ್ನ ಬೆಲ್ಲವೂ ಎಲ್ಲರ ಬೆಲ್ಲದ ಹಾಗೆ ಕಂದಾಗಿ ಬರುತ್ತದೆ, ಊರು ನೋಡುತ್ತದೆ.

ಈಗ ಯಾರಿಗಾದರೂ ಹೇಳು ಇದನ್ನು. "ಆಮೇಲೆ?" ಅಂತಾರೆ.

ಎಳೆ ಗಟ್ಟಿಯಿದೆಯಾ ಅಂತ ತಿಳಿಯಲು ನಾನು ಒಂದು ಕೆಲಸ ಮಾಡ್ತೀನಿ. ಮುಂದಿನ ಘಟನೆಗಳನ್ನು ಒಂದೊಂದೇ ಸಾಲಿನಲ್ಲಿ ಬರೆದು, ಸಾಲು ಸಾಲಿನ ನಡುವೆ ಯಾವ ಮಾತು ಕೂರುತ್ತದೆ ಅಂತ ನೋಡ್ತೀನಿ. "ಆಮೇಲೆ" ಮಾತ್ರ ಕೂತರೆ ಅದು ದಿನಚರಿ. "ಅದಕ್ಕೇ" ಅಥವಾ "ಆದರೆ" ಕೂತರೆ ಕಥೆ ನಡೀತಿದೆ ಅಂತ ಲೆಕ್ಕ. ಇದನ್ನೇ ಹಾಕಿ ನೋಡೋಣ. ಸವಿತಾ ಪುಡಿ ನಿಲ್ಲಿಸುತ್ತಾಳೆ, ಅದಕ್ಕೇ ಮೊದಲ ವಾರದ ಬೆಲ್ಲ ಮಂಡಿಯಲ್ಲಿ ಕಡಿಮೆ ಬೆಲೆಗೆ ಹೋಗುತ್ತದೆ. ಅದಕ್ಕೇ ಸಿದ್ದಣ್ಣ ಒಂದು ರಾತ್ರಿ ಅವಳಿಗೆ ಗೊತ್ತಾಗದ ಹಾಗೆ ಒಂದು ಚಿಟಿಕೆ ಹಾಕುತ್ತಾನೆ, ಅವಳನ್ನು ಉಳಿಸುತ್ತಿದ್ದೇನೆ ಅಂತಲೇ ತನಗೆ ತಾನು ಹೇಳಿಕೊಂಡು. ಬೆಲ್ಲ ಚೆನ್ನಾಗಿ ಬರುತ್ತದೆ, ಆದರೆ ಪುಡಿ ಇಲ್ಲದೆಯೇ ಬಂತು ಅಂತ ನಂಬಿದ ಸವಿತಾ ದೊಡ್ಡ ಆರ್ಡರ್ ಒಪ್ಪಿಕೊಳ್ಳುತ್ತಾಳೆ. ಅದಕ್ಕೇ ಅವನು ಪ್ರತಿ ರಾತ್ರಿಯೂ ಹಾಕಬೇಕಾಗುತ್ತದೆ. ಆದರೆ ಮೊದಲು ಕಳಿಸಿದ ಬೆಲ್ಲ ಗಿರಾಕಿಯ ಅಂಗಡಿಯಲ್ಲಿ ಕಪ್ಪಾಗಲು ಶುರುವಾಗಿದೆ. ನೋಡು, ನಾನು ಏನೂ ಕಷ್ಟಪಡಲಿಲ್ಲ. ಬೆಲ್ಲದ ಗುಣವೇ ಕಥೆಯನ್ನು ಮುಂದೆ ತಳ್ಳಿತು. ಕೆಲಸವನ್ನು ಒಳಗಿನಿಂದ ಬಲ್ಲವರಿಗೆ ಇಂಥದ್ದು ಸಿಗುತ್ತದೆ, ಅದಕ್ಕೇ ನಿನಗೆ ಆಲೆಮನೆಯೇ ಆಗಲಿ ಅಂತ ಹಟ ಹಿಡಿದಿದ್ದೇನೆ.

ಗಡುವೂ ಅಲ್ಲೇ ಇದೆ. ಕಡಿದ ಕಬ್ಬು ಕಾಯುವುದಿಲ್ಲ. ಒಂದೆರಡು ದಿನದಲ್ಲಿ ಗಾಣಕ್ಕೆ ಕೊಡದಿದ್ದರೆ ಸಿಹಿ ಇಳಿಯುತ್ತದೆ, ಬೆಲ್ಲ ಗಟ್ಟಿ ಕೂರುವುದಿಲ್ಲ, ಮೆತ್ತಗೆ ಅಂಟಂಟಾಗಿ ಉಳಿಯುತ್ತದೆ. ಹತ್ತು ಟನ್ ಕಬ್ಬು ಕಡಿದು ಆಲೆಮನೆ ಮುಂದೆ ಸುರಿದಿದೆ ಅಂದುಕೋ, ಅಂದರೆ ಹೆಚ್ಚುಕಮ್ಮಿ ಒಂದು ಟನ್ ಬೆಲ್ಲ. ಆ ರಾತ್ರಿ ಸವಿತಾಗೆ ಡಬ್ಬ ಸಿಗುತ್ತದೆ. ಸಿದ್ದಣ್ಣನನ್ನು ಹೊರಗೆ ಕಳಿಸಿದರೆ ಹದ ನೋಡುವವರಿಲ್ಲ. ಇಟ್ಟುಕೊಂಡರೆ ಅವಳ ಮಾತು ಸುಳ್ಳು. ಬೆಳಗಾಗುವುದರೊಳಗೆ ತೀರ್ಮಾನ ಆಗಬೇಕು. ಇದು ಪುಸ್ತಕದ ಮುಕ್ಕಾಲು ಭಾಗದಲ್ಲಿ ಬರಲಿ.

ವಸ್ತು ಎಲ್ಲಿ ಹೋಯಿತು ಅಂತ ಕೇಳಬೇಡ. ರೈತರ ಸಂಕಟ, ಊರು ಬಿಟ್ಟವರು ವಾಪಸ್ ಬರುವುದು, ಒಂಟಿತನ, ನಿನ್ನ ಪಟ್ಟಿಯಲ್ಲಿದ್ದದ್ದು ಹೆಚ್ಚುಕಮ್ಮಿ ಎಲ್ಲ ಒಳಗೆ ಬಂದು ಕೂತಿದೆ, ಯಾರೂ ಕರೆಯದೆ. ನೀನು ಅದನ್ನು ಬಾಯಿಬಿಟ್ಟು ಹೇಳಲು ಹೋಗಬೇಡ ಅಷ್ಟೆ. ಸಿದ್ದಣ್ಣನ ಬಾಯಲ್ಲಿ ಭಾಷಣ ಬಂತು ಅಂದರೆ ಆ ಪುಟ ತೆಗೆದುಹಾಕು.

ಒಂದು ಕಡೆ ಮಾತ್ರ ನೀನು ಎಡವುತ್ತೀಯ ಅನ್ನಿಸುತ್ತದೆ, ನೋಟ್ ಬುಕ್ ನೋಡಿದ ಮೇಲೆ ಹೇಳ್ತಿದ್ದೀನಿ. ನಿನಗೆ ವರ್ಣನೆ ಅಂದರೆ ಪ್ರಾಣ. ಕೊಪ್ಪರಿಗೆಯ ಹಬೆ ಬಗ್ಗೆ ಎರಡು ಪುಟ ಬರೆಯುತ್ತೀಯ, ಆಗ ಸಿದ್ದಣ್ಣ ಸುಮ್ನೆ ನಿಂತಿರುತ್ತಾನೆ. ಹಬೆ ಇರಲಿ. ಆದರೆ ಡಬ್ಬ ಸೊಂಟದಲ್ಲಿ ಸಿಕ್ಕಿಸಿಕೊಂಡವನ ಕಣ್ಣಿಂದ ಹಬೆ ನೋಡು. ಅವನಿಗೆ ಹಬೆ ಎಷ್ಟು ದಟ್ಟವಾಗಿದ್ದರೆ ಅಷ್ಟು ಒಳ್ಳೆಯದು, ಅವಳಿಗೆ ಕೈ ಕಾಣಿಸುವುದಿಲ್ಲ. ನಿನ್ನ ಅದೇ ವಾಕ್ಯಗಳು ಆಗ ಬೇರೆಯಾಗಿಬಿಡುತ್ತವೆ.

ಇನ್ನೊಂದು ವಿಷಯ, ಕೊನೆ ಗೊತ್ತಿಲ್ಲದೆ ಶುರು ಮಾಡಬೇಡ. ಕೆಲವರು ಹಾಗೇ ಬರೆದು ಗೆಲ್ಲುತ್ತಾರೆ, ಮೊದಲ ಕಾದಂಬರಿಗೆ ನಾನಂತೂ ಆ ದಾರಿ ಹೇಳುವುದಿಲ್ಲ. ಕನ್ನಂಬಾಡಿ ನನ್ನನ್ನು ನಡುನೀರಲ್ಲಿ ಬಿಟ್ಟದ್ದು ಹಾಗೇ. ಪೂರ್ತಿ ಅಧ್ಯಾಯ ಬೇಡ, ಕೊನೆಯ ಕೊಪ್ಪರಿಗೆ ಇಳಿಸಿದಾಗ ಅಚ್ಚಿನೊಳಗಿನ ಬೆಲ್ಲ ಯಾವ ಬಣ್ಣಕ್ಕಿದೆ, ಅದನ್ನು ಮುರಿದು ಬಾಯಿಗೆ ಹಾಕಿಕೊಳ್ಳುವವರು ಯಾರು, ಇಷ್ಟು ಗೊತ್ತಿದ್ದರೆ ಸಾಕು.

ಈ ಭಾನುವಾರ ಮಾವನ ಮನೆಗೆ ಹೋಗು. ರಾತ್ರಿ ಅಲ್ಲೇ ಉಳಿದುಕೋ. ಹದ ನೋಡುವವರ ಪಕ್ಕದಲ್ಲಿ ಕೂತು, ಉಂಡೆ ಮೆತ್ತಗೆ ಬಂದಾಗ ಅವರು ಏನು ಬೈತಾರೆ, ಒಲೆಯವನಿಗೆ ಹೇಗೆ ಸನ್ನೆ ಮಾಡ್ತಾರೆ, ಎಲ್ಲ ನೋಡಿಕೊಂಡು ಬಾ. ಬರುವಾಗ ನನಗೂ ಒಂದು ಅಚ್ಚು ತಾ, ಕಂದು ಬಣ್ಣದ್ದು. ಮತ್ತೆ ಆ ರಾತ್ರಿ ಸವಿತಾಗೆ ಡಬ್ಬ ಸಿಕ್ಕಿದಾಗ ಸಿದ್ದಣ್ಣ ಬಾಯಿಬಿಟ್ಟು ಆಡುವ ಮೊದಲ ಮಾತು ಯಾವುದು ಅಂತ ಒಂದು ಸಾಲು ಬರೆದು ಕಳಿಸು. ಕಾಯ್ತಿರ್ತೀನಿ.

ನಿನ್ನವನೇ,
ಮೈಸೂರಿನಿಂದ