ಕಾಲುವೆ ಬಂದರೆ ಗಡಿ ಸರಿಯದು

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಬಂದ ಭೂಮಾಪಕನ ಶಿಷ್ಯನ ಕಥೆ ಚೆನ್ನಾಗಿದೆ. ಆದರೆ ಕಾಲುವೆ ತೋಡಿದ ಮಾತ್ರಕ್ಕೆ ಹುಡುಗ ಗ್ರಾಮದ ಗಡಿಯನ್ನೇ ದಂಡೆಗೆ ಎಳೆದು ಬರೆಯುವುದು ನಮ್ಮಲ್ಲಿ ನಡೆಯದ ಮಾತು. ಗ್ರಾಮದ ಗಡಿ ಬದಲಾಗಬೇಕಾದರೆ ಸರ್ಕಾರದ ಅಧಿಸೂಚನೆ ಬೇಕು. ಭೂಮಾಪಕ ಬದಲಿಸುವುದು ಸರ್ವೆ ನಂಬರಿನ ಒಳಗಿನ ಲೆಕ್ಕವನ್ನು ಮಾತ್ರ.

ಕಥೆಯ ರೈತನಿಗೆ 4 ಎಕರೆ 20 ಗುಂಟೆ ಇದೆ ಎನ್ನೋಣ. 33 ಅಡಿ ಸರಪಳಿಯಲ್ಲಿ ಒಂದು ಚದರ ಸರಪಳಿ ಎಂದರೆ ಒಂದು ಗುಂಟೆ. ಎರಡು ಸರಪಳಿ ಅಗಲದ ಕಾಲುವೆ ಹೊಲದೊಳಗೆ ಹತ್ತು ಸರಪಳಿ ನೇರವಾಗಿ ಹಾದರೆ 20 ಗುಂಟೆ ಹೋಯಿತು. ಉಳಿದ 4 ಎಕರೆ ಎರಡು ತುಂಡಾಗುತ್ತದೆ. ನೀರು ಹರಿಯುವ ಅಗಲವನ್ನಷ್ಟೇ ಅಳೆದು ಎರಡೂ ಬದಿಯ ಏರಿಯನ್ನು ಬಿಟ್ಟರೆ ಪಹಣಿಯಲ್ಲಿ ಒಂದು, ನೆಲದ ಮೇಲೆ ಇನ್ನೊಂದು. ಜಗಳ ಹುಟ್ಟುವುದು ಇಲ್ಲೇ.

ಗಡಿಕಲ್ಲು ಕಾಲುವೆಯ ಪಾಲಾದಾಗ ಹುಡುಗ ಊರ ಹಿರಿಯರನ್ನು ಕೇಳಿ ಹೊಸದು ನೆಡುತ್ತಾನೆ. ಅದು ಕಥೆಗೆ ಸೊಗಸು, ಕೆಲಸಕ್ಕೆ ಅಲ್ಲ. ಉಳಿದಿರುವ ಎರಡು ಹಳೆಯ ಕಲ್ಲುಗಳಿಂದ ಟಿಪ್ಪಣಿಯಲ್ಲಿನ ದೂರಗಳನ್ನು ಹಿಡಿದು, ಅವು ಕೂಡುವ ಜಾಗವನ್ನು ಮೂರನೆಯ ಕಲ್ಲಿನಿಂದ ತಾಳೆ ನೋಡಬೇಕು. ಆ ಜಾಗ ನೀರಿನೊಳಗೆ ಬಂದರೆ ಎರಡೂ ದಂಡೆಯಲ್ಲಿ ಗಡಿರೇಖೆಯ ಮೇಲೆಯೇ ಗುರುತಿನ ಕಲ್ಲು ನೆಟ್ಟು, ಅಲ್ಲಿಂದ ದೂರ ಬರೆದಿಡಬೇಕು.

ಇನ್ನೊಂದು ಮಾತು. ಕಥೆಯಲ್ಲಿ ಸವೆದ ಸರಪಳಿಯಿಂದ ಹೊಲ 'ಬೆಳೆಯುತ್ತದೆ'. ನಿಜಕ್ಕೆ ಅದು ತಿರುಗುಮುರುಗು. ಕೊಂಡಿ ಸವೆದರೆ ಸರಪಳಿ ಉದ್ದವಾಗುತ್ತದೆ, ಎಣಿಕೆ ಕಡಿಮೆ ಬರುತ್ತದೆ. ಅರ್ಧ ಅಡಿ ಹೆಚ್ಚಾದರೂ 4 ಎಕರೆಯಲ್ಲಿ ಸುಮಾರು 5 ಗುಂಟೆ ರೈತನಿಗೆ ನಷ್ಟ.

— ಒಬ್ಬ ಭೂಮಾಪಕ, ಬೆಂಗಳೂರು