ಎದುರು ಮನೆ ಹುಡುಗಿಗೆ ಬರ್ದ ಚೀಟಿ

ಪುಟ್ಟೀ,

ಹೇಗಿದೀಯ, ನೆಗಡಿ ಕಮ್ಮಿ ಆಯ್ತಾ. ಇಲ್ಲಿ ಎಲ್ರೂ ಆರಾಮು, ಅಪ್ಪ ಬೆಳಿಗ್ಗೆ ಗಾಂಧಿಬಜಾರಿಗೆ ಹೋಗಿ ಅವರೆಕಾಯಿ ತಂದಿದಾರೆ, ಸುಲಿಯೋಕೆ ಮುಂಚೆ ನಿಂಗೆ ಬರ್ದುಬಿಡ್ತೀನಿ ಅಂತ ಕೂತೆ.

ನಮ್ಮ ಎದುರು ಫ್ಲ್ಯಾಟಿಗೆ ತೀರ್ಥಹಳ್ಳಿ ಕಡೆ ಹುಡುಗಿ ಬಂದಿದಾಳೆ ಅಂದಿದ್ನಲ್ಲ, ಗಂಡಂಗೆ ನೈಟ್ ಶಿಫ್ಟು, ಅವ್ನು ಸಂಜೆ ಏಳಕ್ಕೆ ಹೊರಟ್ರೆ ಬರೋದು ಬೆಳಿಗ್ಗೇನೇ. ಮೊನ್ನೆ ಮೊಸರಿಗೆ ಹೆಪ್ಪು ಕೇಳೋಕೆ ಬಂದಾಗ ನಾನು ಹಳೇ ಪಾಪ ಪಾಂಡು ಹಾಕ್ಕೊಂಡು ಕೂತಿದ್ದೆ, ಬಾಗ್ಲಲ್ಲೇ ನಿಂತು ನೋಡಿ ನಕ್ಕಳು, ಆಂಟಿ ನಂಗೂ ಏನಾದ್ರೂ ಬರ್ದು ಕೊಡಿ, ಏನ್ ನೋಡ್ಬೇಕು ಅಂತ ಹುಡುಕೋದ್ರಲ್ಲೇ ರಾತ್ರಿ ಹತ್ತಾಗತ್ತೆ ಅಂದ್ಳು. ನಾನು ದೂರದರ್ಶನದ ಕಾಲದಿಂದ ನೋಡ್ಕೊಂಡು ಬಂದೋಳು, ಇದೇನ್ ಮಹಾ ಅಂತ ಕೂತ್ರೆ ಒಂದು ಹಾಳೆ ಬರಿಯೋಕೆ ಎರಡು ದಿನ ಹಿಡೀತು ಕಣೇ.

ಯಾಕಂದ್ರೆ ಒಳ್ಳೇದು ಯಾವ್ದು ಅಂತ ಬರ್ದ್ರೆ ಸಾಲಲ್ಲ, ಯಾವ ಹೊತ್ತಿಗೆ ಅಂತ ಬರೀಬೇಕು. ಮನಸ್ಸು ಸುಸ್ತಾಗಿ ಏನೂ ಬೇಡ ಅನ್ಸಿದಾಗ ಪಾಪ ಪಾಂಡು ಅಂತ ಬರ್ದೆ, ಸಿಹಿಕಹಿ ಚಂದ್ರು ಮಾಡಿದ್ದು, ಚಿದಾನಂದ್ ಪಾಂಡು, ಶಾಲಿನಿ ಶ್ರೀಮತಿ. ಹಿಂದಿನ ಕಥೆ ಗೊತ್ತಿಲ್ದೇ ಇದ್ರೂ ಎಲ್ಲಿಂದ ಬೇಕಾದ್ರೂ ಶುರು ಮಾಡ್ಬಹುದು. ಆದ್ರೆ ಒಂದು ಸಲಕ್ಕೆ ಎರಡೇ ಎಪಿಸೋಡು ಅಂತ ಕೆಳಗೆ ಗೀಟು ಎಳ್ದಿದೀನಿ, ಮೂರನೇದಕ್ಕೆ ಶ್ರೀಮತಿ ಅವ್ನನ್ನ ಹೊಡಿಯೋದು ನಗು ಬರ್ಸಲ್ಲ, ತಲೆ ನೋಯತ್ತೆ. ಯಾರ ಮೇಲಾದ್ರೂ ಸಿಟ್ಟು ಬಂದು ಒಳಗೊಳಗೇ ವಾದ ಮಾಡ್ತಿರೋ ದಿನಕ್ಕೆ ಟಿ.ಎನ್. ಸೀತಾರಾಮ್ ಅವ್ರದ್ದು. ಅವ್ರ ಕೋರ್ಟ್ ಸೀನಲ್ಲಿ ಎರಡೂ ಕಡೆಯೋರಿಗೆ ಮಾತಾಡೋಕೆ ಜಾಗ ಇರತ್ತೆ, ಎದುರು ಪಾರ್ಟಿ ಮಾತೂ ಸರಿ ಅನ್ಸೋ ಹೊತ್ತಿಗೆ ನಮ್ಮ ಸಿಟ್ಟೂ ಅರ್ಧ ಇಳ್ದಿರತ್ತೆ. 1998ರ ಮಾಯಾಮೃಗದಿಂದ ಶುರು ಮಾಡು ಅನ್ನೋಕೆ ಆಸೆ, ಆದ್ರೆ ಅದು ದಿನಾ ಬರ್ತಿದ್ದ ಧಾರಾವಾಹಿ, ಹಿಡಿದ್ರೆ ತಿಂಗಳುಗಟ್ಲೆ ಬಿಡಲ್ಲ, ಅದಕ್ಕೇ ಈಚೆಗಿನ ಮಗಳು ಜಾನಕಿ ಬರ್ದು, ಪೂರ್ತಿ ಮುಗಿಸ್ಲೇಬೇಕು ಅಂತಿಲ್ಲ, ಕೋರ್ಟ್ ಭಾಗ ಬಂದಾಗ ಬಿಡ್ಬೇಡ ಅಂತ ಸೇರ್ಸಿದೆ.

ರಾತ್ರಿ ಒಬ್ಳೇ ಇರ್ತಾಳಲ್ಲ, ಮನೆ ಎಲ್ಲಾ ಸೈಲೆಂಟಾಗಿ ಮೆಲ್ಲಗೆ ಏನಾದ್ರೂ ನೋಡೋಣ ಅನ್ನೋ ಹೊತ್ತಿಗೆ ಏಕಂ ಅನ್ನೋ ವೆಬ್ ಸೀರೀಸ್, 2024ರದ್ದು. ಏಳು ಬೇರೆ ಬೇರೆ ಕಥೆ, ಕರಾವಳಿ ಕಡೇದು, ಒಂದು ದಿನಕ್ಕೆ ಒಂದೇ ನೋಡ್ಬೇಕು ಅಂದೆ. ಅದನ್ನ ಒಟಿಟಿಯವ್ರು ಯಾರೂ ತಗೊಳ್ಳಿಲ್ಲ ಅಂತ ಮಾಡಿದೋರೇ ಸ್ವಂತ ವೆಬ್‌ಸೈಟ್ ಮಾಡಿ ಬಿಟ್ರು, ಅದು ನೆನಪಾದಾಗೆಲ್ಲ ನಂಗೆ ಹೊಟ್ಟೆ ಉರಿಯತ್ತೆ.

ಕಷ್ಟ ಆಗಿದ್ದು ಊರು ನೆನಪಾದಾಗ ಅನ್ನೋ ಸಾಲಿಗೆ. ಅಲ್ಲಿ ಕಣ್ಮುಚ್ಕೊಂಡು ಮಾಲ್ಗುಡಿ ಡೇಸ್ ಬರ್ದುಬಿಟ್ಟೆ. ಮಾತು ಹಿಂದಿ ಆದ್ರೇನು, 1986ರಲ್ಲಿ ಶಂಕರ್‌ನಾಗ್ ಅದನ್ನ ತೆಗ್ದಿದ್ದು ಅವ್ಳ ಮನೆ ಪಕ್ಕದ ಆಗುಂಬೇಲಿ. ಆ ಹೆಂಚಿನ ಮನೆ, ಜಗಲಿ, ಕಂಬ, ವೈದ್ಯನಾಥನ್ ಅವ್ರ ತಾನಾನಾನ ಶುರುವಾದ ತಕ್ಷಣ ನಂಗೇ ಹೊಟ್ಟೇಲಿ ಏನೋ ಆಗತ್ತೆ, ಇನ್ನು ಅಲ್ಲೇ ಹುಟ್ಟಿದೋಳಿಗೆ ಹೇಗಾಗ್ಬೇಡ. ಒಂದೊಂದು ಎಪಿಸೋಡೂ ಅರ್ಧ ಗಂಟೆ ಒಳಗೇ ಮುಗಿಯತ್ತೆ, ಒಂದೇ ಎಪಿಸೋಡಲ್ಲಿ ಮುಗಿಯೋ ಕಥೆಗಳೇ ಜಾಸ್ತಿ, ಸ್ವಾಮಿದು, ಮಿಠಾಯಿ ಮಾರೋನದು ಮಾತ್ರ ಕಂತಾಗಿ ಹೋಗತ್ತೆ. ಅದ್ರಲ್ಲಿ ಮೊದ್ಲು ಯಾವ್ದು ಅಂತ ಬರೀಬೇಕಲ್ಲ, ನಂಗೆ ಯಾವತ್ತೂ ಮೊದ್ಲು ಬರೋದು ಪೋಸ್ಟ್‌ಮ್ಯಾನ್ ತಾನಪ್ಪನ ಕಥೆ, ಅದನ್ನೇ ಮೇಲೆ ಬರ್ದು ಸ್ಟಾರ್ ಹಾಕಿದೆ.

ನೆನಪಿದೆಯಾ ನಿಂಗೆ, ನೀನು ಐದನೇ ಕ್ಲಾಸಲ್ಲಿ ನೋಡಿ ಅತ್ತಿದ್ದೆ. ಆ ಕಥೇಲಿ ಒಂದು ಮನೆ ಮಗಳ ಮದುವೆ ಮೇ 20ಕ್ಕೆ, ಅದು ತಪ್ಪಿದ್ರೆ ಹುಡುಗ ಟ್ರೇನಿಂಗಿಗೆ ಅಂತ ಹೊರಟ್ಹೋಗ್ತಾನೆ. ಹಿಂದಿನ ದಿನ ಹುಡುಗಿ ಅಪ್ಪನ ಚಿಕ್ಕಪ್ಪಂಗೆ ಸೀರಿಯಸ್ ಅಂತ ಕಾರ್ಡು ಬರತ್ತೆ, ಮಾರನೇ ದಿನ ತೀರ್ಕೊಂಡ್ರು ಅಂತ ಟೆಲಿಗ್ರಾಂ. ಕೊಟ್ರೆ ಸೂತಕ, ಮದುವೆ ನಿಂತ್ಹೋಗತ್ತೆ. ತಾನಪ್ಪ ಎರಡನ್ನೂ ತನ್ನ ಹತ್ರಾನೇ ಇಟ್ಕೊಂಡು ಮದುವೆ ಎಲ್ಲಾ ಮುಗಿದ್ಮೇಲೆ ತಂದು ಕೊಡ್ತಾನೆ, ಬೇಕಾದ್ರೆ ಕಂಪ್ಲೇಂಟ್ ಕೊಡಿ ನನ್ ಕೆಲಸ ಹೋಗತ್ತೆ ಅಂತಾನೆ. ಅದು ಸರಿನೋ ತಪ್ಪೋ ಅಂತ ಅಪ್ಪಂಗೂ ನಂಗೂ ಇವತ್ತಿಗೂ ಜಗಳ.

ಚೀಟಿ ಮಡಚಿ ಕೊಡೋಕೆ ಅಂತ ಹೋದೆ. ಅವ್ಳ ಮನೆ ಹಾಲಲ್ಲಿ ಒಂದು ಫೋಟೋ, ಹೊಸ ಗಂಧದ ಹಾರ. ನಮ್ಮಪ್ಪ ಆಂಟಿ, ಮಳೆಗಾಲದಲ್ಲಿ ಹೋದ್ರು, ನಾನಿಲ್ಲಿದ್ದೆ, ಹುಷಾರಿಲ್ಲ ಅಂತ ಮಾತ್ರ ಹೇಳಿ ಕರೆಸ್ಕೊಂಡ್ರು, ಊರಿಗೆ ಹೋಗಿ ಬಸ್ ಇಳಿದ್ಮೇಲೇ ಗೊತ್ತಾಗಿದ್ದು ಅಂದ್ಳು. ನನ್ನ ಕೈಯಲ್ಲಿ ಚೀಟಿ ಹಾಗೇ ಇತ್ತು ಪುಟ್ಟಿ. ಇನ್ನೊಂದು ಸರಿಯಾಗಿ ಬರ್ದು ತರ್ತೀನಿ, ಇದ್ರಲ್ಲಿ ಒಂದು ಬಿಟ್ಟಿದೀನಿ ಅಂತ ಹೇಳಿ ವಾಪಸ್ ಬಂದೆ.

ಮಾಲ್ಗುಡಿ ಡೇಸನ್ನೇ ತೆಗೆದುಬಿಡೋಣ್ವಾ ಅಂದ್ಕೊಂಡೆ, ಆ ಮಳೆ ನೋಡಿದ್ರೇ ಅಳು ಬರತ್ತೇನೋ ಅಂತ. ಆಮೇಲೆ ಬೇಡ ಅನ್ಸ್ತು, ಊರು ನೋಡಿ ಬರೋ ಅಳು ಬೇರೆ, ಅದು ಬಂದ್ರೆ ಬರ್ಲಿ. ಸಾವಿನ ಸುದ್ದಿ ಮುಚ್ಚಿಟ್ಟಿದ್ದನ್ನ ಕೂತ್ಕೊಂಡು ನೋಡೋದು ಮಾತ್ರ ಈಗ ಬೇಡ. ಅದಕ್ಕೆ ತಾನಪ್ಪನ್ನ ಬಿಟ್ಟು ಎರಡು ಕಥೆ ಬರ್ದೆ. ಒಂದು ಸ್ವಾಮಿ ಒಬ್ನೇ ಅಪ್ಪನ ಆಫೀಸ್ ರೂಮಲ್ಲಿ ಮಲಗೋದು, ಕತ್ತಲಲ್ಲಿ ಹೆದರಿ ಯಾವ್ದೋ ಕಾಲು ಕಚ್ಚಿ ಹಿಡಿದ್ರೆ ಅದು ಕಳ್ಳಂದು, ಬೆಳಗಾದ್ರೆ ಇವ್ನು ಹೀರೋ. ಅದ್ರಲ್ಲೂ ಅಪ್ಪ ಇದಾರೆ, ಗಿರೀಶ್ ಕಾರ್ನಾಡ್, ಆದ್ರೆ ಗದರೋ ಅಪ್ಪ, ಪಕ್ಕದಲ್ಲೇ ಇರೋ ಅಪ್ಪ, ಅಮ್ಮ ವೈಶಾಲಿ ಕಾಸರವಳ್ಳಿ. ಅದಕ್ಕೆ ಬೆಳಿಗ್ಗೆ ನೋಡು ಅಂತ ಬರ್ದೆ, ಬೆಳಿಗ್ಗೆ ಗಂಡ ಮನೇಲಿರ್ತಾನೆ. ಇನ್ನೊಂದು ಜಾತ್ರೆ ಲಾಟರೀಲಿ ರೋಡ್ ರೋಲರ್ ಗೆದ್ದು ಅದನ್ನ ಎಲ್ಲಿಡ್ಲಿ ಅಂತ ಒದ್ದಾಡೋನದು, ಅದು ಯಾವ ಹೊತ್ತಿಗೂ ಆಗತ್ತೆ. ಇವೆರಡು ಬಿಟ್ಟು ಬೇರೆ ಎಪಿಸೋಡ್ ಹಾಕ್ಕೊಳ್ಳೋ ಮುಂಚೆ ನನ್ನ ಕೇಳು ಅಂತ ಕೊನೇಲಿ ಬರ್ದು ನಿನ್ನೆ ಕೊಟ್ಟು ಬಂದೆ. ಯಾಕೆ ಅಂತ ಕೇಳ್ಲಿಲ್ಲ. ತಾನಪ್ಪಂದು ಆಮೇಲೆ ಯಾವತ್ತಾದ್ರೂ ನಾನೇ ಜೊತೇಲಿ ಕೂತು ತೋರಿಸ್ತೀನಿ.

ಈ ಶನಿವಾರ ಅವ್ಳು ಇಲ್ಲಿಗೇ ಊಟಕ್ಕೆ ಬರ್ತಾಳೆ, ಹಿತಕಿದ ಬೇಳೆ ಸಾರು ಮಾಡ್ತೀನಿ, ಊಟ ಆದ್ಮೇಲೆ ರೋಡ್ ರೋಲರ್ ನೋಡೋಣ ಅಂತ ಮಾತಾಗಿದೆ. ಒಂದೇ ಭಯ, ನಮ್ಮ ಟಿವೀಲಿ ಒಂದು ಮುಗಿದ ತಕ್ಷಣ ಇನ್ನೊಂದು ತಾನೇ ಶುರು ಆಗತ್ತೆ, ಯಾವ್ದು ಬರತ್ತೋ ಗೊತ್ತಿಲ್ಲ, ನಾನು ರಿಮೋಟ್ ಹುಡುಕೋ ಅಷ್ಟ್ರಲ್ಲಿ ಅರ್ಧ ನಿಮಿಷ ಆಗಿರತ್ತೆ. ನೀನು ಹೋದ ಸಲ ಬಂದಾಗ ಅಪ್ಪಂಗೋಸ್ಕರ ಹಾಕ್ಕೊಟ್ಟಿದ್ಯಲ್ಲ ಆಟೋಪ್ಲೇ, ಅದನ್ನ ಆಫ್ ಮಾಡೋದು ಹೇಗೆ ಅಂತ ಶುಕ್ರವಾರ ರಾತ್ರಿ ಒಳಗೆ ವಿಡಿಯೋ ಕಾಲ್ ಮಾಡಿ ತೋರ್ಸು.

ಅಮ್ಮ